ಭಯ ಇಳಿಯಿತು, ನಾಡಿ ಯಾಕೆ ಇಳಿಯಲಿಲ್ಲ? ಎಮರ್ಜೆನ್ಸಿಯಲ್ಲಿ ಪ್ಯಾನಿಕ್, ಹೃದಯ, ಥೈರಾಯ್ಡ್ ಬೇರೆ ಮಾಡುವ ಬಗೆ

ಹೊಸ ಇಂಟರ್ನ್‌ಗಳು ಬಂದಾಗ ನಾನು ಮೊದಲು ಕೊಡುವುದು ಈ ಕೇಸು. ಒಬ್ಬರ ಕಥೆಯಲ್ಲ, ಪಾಠಕ್ಕೆಂದೇ ಹಲವರನ್ನು ಸೇರಿಸಿ ಕಟ್ಟಿದ್ದು.

ರಾತ್ರಿ 11:40. 31 ವರ್ಷದ ಹೆಂಗಸು, ಗಂಡ ಕೈ ಹಿಡಿದುಕೊಂಡು ಒಳಗೆ ಕರೆತಂದಿದ್ದಾರೆ. ಎದೆ ಡವಡವ, ಉಸಿರು ಸಾಲುತ್ತಿಲ್ಲ, ಬೆರಳ ತುದಿ ಮತ್ತು ತುಟಿಯ ಸುತ್ತ ಜೋಮು, "ನಾನು ಸತ್ತೇಹೋಗ್ತೀನಿ ಡಾಕ್ಟ್ರೇ" ಅಂತ ಒಂದೇ ಮಾತು. ನಾಡಿ 132, ಬಿಪಿ 148/62, ಉಸಿರು ನಿಮಿಷಕ್ಕೆ 28, ಆಕ್ಸಿಜನ್ 99, ಜ್ವರ ಇಲ್ಲ. ಎರಡು ತಿಂಗಳಲ್ಲಿ ಇದು ಮೂರನೇ ಸಲ. ಹಿಂದಿನ ಎರಡು ಚೀಟಿಗಳಲ್ಲೂ ಒಂದೇ ಸಾಲು: ಪ್ಯಾನಿಕ್ ಅಟ್ಯಾಕ್, ಇಸಿಜಿ ನಾರ್ಮಲ್, ಧೈರ್ಯ ಹೇಳಿ ಕಳಿಸಲಾಗಿದೆ.

ಈಗ ನೀವು ಡ್ಯೂಟಿಯಲ್ಲಿದ್ದೀರಿ. ಏನು ಮಾಡ್ತೀರಿ?

ಹೆಚ್ಚಿನವರು ಮೂರನೇ ಚೀಟಿ ಬರೆಯುತ್ತಾರೆ. ಬೇಜವಾಬ್ದಾರಿಯಿಂದಲ್ಲ. ಇಬ್ಬರು ಡಾಕ್ಟರು ಬರೆದದ್ದನ್ನು ಓದಿದ ಮೇಲೆ ನಮ್ಮ ಕಣ್ಣು ಅದನ್ನೇ ಹುಡುಕುತ್ತದೆ, ಅಷ್ಟೇ. ಅದಕ್ಕೇ ನಾನು ಒಂದು ಕೆಲಸ ಹೇಳಿಕೊಡುತ್ತೇನೆ: ನಾಡಿಯನ್ನು ಒಂದು ಸಲ ಎಣಿಸಿ ಬಿಡಬೇಡಿ, ಒಂದು ಗಂಟೆ ಹಿಂಬಾಲಿಸಿ. ಪ್ಯಾನಿಕ್‌ನ ನಾಡಿ ಏರಿ, ನಿಧಾನವಾಗಿ ಇಳಿಯುತ್ತದೆ. ಹೃದಯದ ವೈರಿಂಗ್ ಕೆಟ್ಟಾಗಿನ ನಾಡಿ ಸ್ವಿಚ್ ಹಾಕಿದ ಹಾಗೆ ಶುರುವಾಗಿ, ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಥೈರಾಯ್ಡ್‌ನ ನಾಡಿ ಸುಮ್ನೆ ಕೂತರೂ, ಮಲಗಿದರೂ ಕೆಳಗೆ ಬರಲು ಒಪ್ಪುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಮೂರು ನಡಿಗೆಗಳನ್ನು ಬೇರೆ ಮಾಡುವುದಕ್ಕೇ.

ಹೆಜ್ಜೆ 1: ಮೊದಲ ಹತ್ತು ನಿಮಿಷ, ಮಾತಿಗಿಂತ ಮುಂಚೆ ಇಸಿಜಿ

ಎದೆಯ ತೊಂದರೆ ಹೇಳಿ ಬಂದ ಯಾರಿಗೇ ಆಗಲಿ, ಬಂದ 10 ನಿಮಿಷದೊಳಗೆ ಹನ್ನೆರಡು ಲೀಡ್‌ನ ಇಸಿಜಿ ಆಗಬೇಕು. "ಇವರು ಗಾಬರಿಯಾಗಿದ್ದಾರೆ, ಸ್ವಲ್ಪ ಸಮಾಧಾನ ಆಗಲಿ, ಆಮೇಲೆ ತೆಗೆಯೋಣ" ಅಂತ ಕಾಯುವುದೇ ಇಲ್ಲಿನ ಅತಿ ದೊಡ್ಡ ತಪ್ಪು. ಬಡಿತ ಜೋರಾಗಿರುವಾಗ ತೆಗೆದ ಒಂದು ಪಟ್ಟಿ, ನಿಂತ ಮೇಲೆ ತೆಗೆದ ಹತ್ತು ಪಟ್ಟಿಗಿಂತ ಹೆಚ್ಚು ಹೇಳುತ್ತದೆ. ಜೊತೆಗೆ ಆಕ್ಸಿಜನ್, ಬಿಪಿ, ಟೆಂಪರೇಚರ್, ರಕ್ತದ ಸಕ್ಕರೆ.

ಆಕ್ಸಿಜನ್ ಕಡಿಮೆ ಇದ್ದರೆ ಪ್ಯಾನಿಕ್ ಅನ್ನುವ ಮಾತನ್ನು ಅಲ್ಲೇ ಬಿಡಿ. ಜೋರಾಗಿ ಉಸಿರಾಡುವವರ ಆಕ್ಸಿಜನ್ ಚೆನ್ನಾಗಿಯೇ ಇರಬೇಕು, 92 ಬಂದರೆ ಶ್ವಾಸಕೋಶದಲ್ಲಿ ಏನೋ ಇದೆ. ಹಾಗಂತ 99 ಇದ್ದ ಮಾತ್ರಕ್ಕೆ ಶ್ವಾಸಕೋಶಕ್ಕೆ ಹೋದ ರಕ್ತದ ಗಡ್ಡೆ ಇಲ್ಲ ಅಂತಲೂ ಅಲ್ಲ. ಇತ್ತೀಚಿನ ಹೆರಿಗೆ, ಆಪರೇಷನ್, ಗರ್ಭನಿರೋಧಕ ಮಾತ್ರೆ, ಒಂದೇ ಕಾಲಿನ ಊತ, ಇವನ್ನು ಕೇಳಲೇಬೇಕು. ನಮ್ಮ ಕೇಸಿನ ಹೆಂಗಸಿಗೆ ಹೆರಿಗೆಯಾಗಿ ನಾಲ್ಕು ತಿಂಗಳು. ಕಾಲಿನ ಊತ ಇಲ್ಲ, ಎದೆ ಚುಚ್ಚುವ ನೋವಿಲ್ಲ. ಈ ಹೆರಿಗೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಒಂದು ಹಳೆಯ ಚಾಳಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಖಕ್ಕೆ ಕಾಗದದ ಚೀಲ ಹಿಡಿದು ಉಸಿರಾಡಿಸಬೇಡಿ. ಜೋಮಿಗೆ ಕಾರಣ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದದ್ದು ನಿಜ. ಆದರೆ ಆ ಬೆಡ್ ಮೇಲಿರುವವರಿಗೆ ಹೃದಯಾಘಾತವೋ ಆಸ್ತಮಾವೋ ಇದ್ದರೆ, ಚೀಲದೊಳಗೆ ಇಳಿಯುವ ಆಕ್ಸಿಜನ್ ಅವರನ್ನು ಮುಳುಗಿಸಬಹುದು.

ಹೆಜ್ಜೆ 2: ಪಟ್ಟಿಯನ್ನು ನೀವೇ ಓದಿ

ಮಶೀನು ಮೇಲುಗಡೆ ಪ್ರಿಂಟ್ ಮಾಡುವ "ಸೈನಸ್ ಟ್ಯಾಕಿಕಾರ್ಡಿಯ", ಅಂದರೆ ಹೃದಯದ ಮಾಮೂಲಿ ಜಾಗದಿಂದಲೇ ಹುಟ್ಟಿದ ವೇಗದ ಬಡಿತ, ಅನ್ನುವ ಸಾಲನ್ನು ಬೆರಳಿನಿಂದ ಮುಚ್ಚಿ. ತಮಾಷೆಯಲ್ಲ, ನಾನು ಈಗಲೂ ಹಾಗೇ ಮಾಡುತ್ತೇನೆ, ಯಾಕೆ ಅಂತ ಹೇಳ್ತೀನಿ. ಡ್ಯೂಟಿಯ ಮೊದಲ ವರ್ಷದಲ್ಲಿ ಒಬ್ಬ ಕಾಲೇಜು ಹುಡುಗ ಬಂದಿದ್ದ, ಪರೀಕ್ಷೆಯ ಹಿಂದಿನ ದಿನ, ನಾಡಿ 178. ಮಶೀನು ಸೈನಸ್ ಅಂದಿತು, ನಾನೂ ಹೂಂ ಅಂದೆ, ಪರೀಕ್ಷೆಯ ಭಯ ಅಂತ ಬರೆದು ನಿದ್ದೆಯ ಮಾತ್ರೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಅವನು "ಟಕ್ ಅಂತ ನಿಂತೋಯ್ತು ಸಾರ್" ಅಂದ. ಮಾತ್ರೆ ಕೆಲಸ ಮಾಡಿತು ಅಂದುಕೊಂಡು ಕಳಿಸಿದೆ. ಮರುದಿನ ನನ್ನ ಸೀನಿಯರ್ ಅದೇ ಪಟ್ಟಿ ಹಿಡಿದು "ಇದರಲ್ಲಿ ಪಿ ಅಲೆ ತೋರಿಸು ನೋಡೋಣ" ಅಂದರು. ಬಡಿತಕ್ಕೆ ಮುಂಚೆ ಹೃದಯದ ಮೇಲಿನ ಕೋಣೆ ಮೂಡಿಸುವ ಆ ಸಣ್ಣ ಉಬ್ಬು, ತೋರಿಸಲು ಇರಲಿಲ್ಲ. ಅದು ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗದಲ್ಲಿ ಕರೆಂಟು ಸುತ್ತು ಹೊಡೆಯುವ ತೊಂದರೆ.

ಹಾಗಾಗಿ ನೋಡಬೇಕಾದ್ದು ಇಷ್ಟು. ಪ್ರತಿ ಬಡಿತದ ಮುಂದೆಯೂ ಒಂದು ಪಿ ಅಲೆ ಇದೆಯಾ, ಎರಡನೇ ಲೀಡ್‌ನಲ್ಲಿ ಅದು ಮೇಲ್ಮುಖವಾಗಿದೆಯಾ? ಎರಡಕ್ಕೂ ಹೌದು ಅಂದರೆ ಸೈನಸ್ ಇರಬಹುದು. ಪಿ ಕಾಣದೆ, ಕಿರಿದಾದ ಬಡಿತಗಳು ಅಳೆದಿಟ್ಟ ಹಾಗೆ ಒಂದೇ ಅಂತರದಲ್ಲಿ, 150ರಿಂದ 250ರ ನಡುವೆ ಓಡುತ್ತಿದ್ದರೆ ಎಸ್‌ವಿಟಿಯನ್ನು ಮೊದಲು ನೆನೆಯಿರಿ. ಸೈನಸ್‌ಗೆ ವಯಸ್ಸಿನ ಮಿತಿಯೂ ಇದೆ: 220ರಿಂದ ವಯಸ್ಸು ಕಳೆದರೆ ಅಂದಾಜು ಮೇಲ್ಮಟ್ಟ ಸಿಗುತ್ತದೆ. ಬೆಡ್ ಮೇಲೆ ಸುಮ್ನೆ ಮಲಗಿದವರು ಗಾಬರಿಯೊಂದರಿಂದಲೇ ಆ ಮಟ್ಟದ ಹತ್ತಿರ ಹೋಗುವುದು ತೀರಾ ಅಪರೂಪ.

ಇನ್ನೊಂದು ಗುಟ್ಟು, ಮಾನಿಟರಿನ ಅಂಕಿಯನ್ನು ಎರಡು ನಿಮಿಷ ಸುಮ್ನೆ ನೋಡುತ್ತ ನಿಲ್ಲಿ. ಗಾಬರಿಯ ನಾಡಿ ಅಲುಗಾಡುತ್ತದೆ: 131, 127, ಮಾತಾಡಿಸಿದರೆ 136, ಉಸಿರು ಬಿಟ್ಟರೆ 124. ಸುತ್ತು ಹೊಡೆಯುವ ನಾಡಿ 178 ಅಂದರೆ 178, ನೀವು ಬೈದರೂ ಅಷ್ಟೇ, ಸಮಾಧಾನ ಮಾಡಿದರೂ ಅಷ್ಟೇ. 150ರಲ್ಲೇ ಅಂಟಿಕೊಂಡು ನಿಂತರೆ ಏಟ್ರಿಯಲ್ ಫ್ಲಟ್ಟರ್ ಅಂತ ಅನುಮಾನ ಪಡಿ. ಅಲ್ಲಿ ಮೇಲಿನ ಕೋಣೆ 300ರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ, ಎರಡಕ್ಕೆ ಒಂದು ಮಾತ್ರ ಕೆಳಗೆ ಇಳಿಯುತ್ತದೆ.

ಎಸ್‌ವಿಟಿ ಅಂತ ಖಚಿತವಾಗಿ, ಬಿಪಿ ಚೆನ್ನಾಗಿದ್ದರೆ, ಔಷಧಿಗೆ ಮುಂಚೆ ಬೆಡ್ ಮೇಲೇ ಒಂದು ಪ್ರಯತ್ನ ಮಾಡಬಹುದು. ಅರ್ಧ ಕೂತ ಭಂಗಿಯಲ್ಲಿ 10 ಎಂಎಲ್ ಸಿರಿಂಜಿನ ಬಾಯಿಗೆ 15 ಸೆಕೆಂಡು ಜೋರಾಗಿ ಊದಿಸಿ, ಹಿಡಿಕೆ ಸ್ವಲ್ಪ ಕದಲುವಷ್ಟು ಬಲ ಸಾಕು. ನಿಲ್ಲಿಸಿದ ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು 45 ಡಿಗ್ರಿಗೆ ಎತ್ತಿ ಇನ್ನೊಂದು 15 ಸೆಕೆಂಡು ಹಿಡಿಯಿರಿ. 2015ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ ಹೀಗೆ ಮಾಡಿದಾಗ 43% ಜನರ ಲಯ ಸರಿಯಾಯಿತು, ಕಾಲೆತ್ತದೆ ಬರೀ ಊದಿಸಿದಾಗ 17%. ಇಡೀ ಹೊತ್ತು ಇಸಿಜಿ ಓಡುತ್ತಿರಲಿ. ನಿಲ್ಲುವ ಆ ಕ್ಷಣ ಪಟ್ಟಿಯಲ್ಲಿ ಸಿಕ್ಕರೆ ಮುಂದೆ ಹೃದಯದ ಡಾಕ್ಟರಿಗೆ ಅದೇ ದೊಡ್ಡ ಸಾಕ್ಷಿ.

ನಮ್ಮ ಹೆಂಗಸಿನ ಪಟ್ಟಿಯಲ್ಲಿ ಪಿ ಅಲೆ ಚೆನ್ನಾಗಿಯೇ ಇತ್ತು. ಸೈನಸ್, 132, ಎಸ್‌ಟಿ ಭಾಗದಲ್ಲಿ ಏರುಪೇರು ಇಲ್ಲ.

ಹೆಜ್ಜೆ 3: ಹೇಗೆ ಶುರುವಾಯಿತು, ಹೇಗೆ ನಿಂತಿತು

ಬಡಿತ ನಿಂತ ಮೇಲೆ ಬಂದವರ ಪಟ್ಟಿ ನಾರ್ಮಲ್ಲೇ ಇರುತ್ತದೆ, ಎಸ್‌ವಿಟಿ ಇರುವವರಲ್ಲೂ. ಅಲ್ಲಿ ಉಳಿಯುವುದು ಮಾತು ಮಾತ್ರ. "ಎದೆ ಹೇಗೆ ಬಡೀತಿತ್ತು, ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸಿ" ಅನ್ನಿ. ಒಂದೇ ಸಮನೆ, ವಿಪರೀತ ವೇಗವಾಗಿ ಬಡಿದರೆ ಒಂದು ಅರ್ಥ. ಅಡ್ಡಾದಿಡ್ಡಿ ಬಡಿದರೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು, ಅದಕ್ಕೆ ಥೈರಾಯ್ಡ್ ಕೂಡ ಒಂದು ಕಾರಣ. ಕತ್ತಿನಲ್ಲಿ ಬಡಿದ ಹಾಗಾಯಿತಾ, ನಿಂತ ಮೇಲೆ ಜಾಸ್ತಿ ಮೂತ್ರಕ್ಕೆ ಹೋದಿರಾ ಅಂತಲೂ ಕೇಳಿ. ಎಸ್‌ವಿಟಿಯಲ್ಲಿ ಹೃದಯದ ಮೇಲಿನ ಕೋಣೆ ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುಗಡೆಯಾಗುತ್ತದೆ. ಗೊತ್ತಿಲ್ಲದವರಿಗೆ ಇದು ವಿಚಿತ್ರ ಪ್ರಶ್ನೆ ಅನಿಸಬಹುದು, ರೋಗಿಗಳು ಮಾತ್ರ "ಹೌದು, ನಿಮಗೆ ಹೇಗೆ ಗೊತ್ತಾಯ್ತು?" ಅಂತಾರೆ.

ಭಯ ಮೊದಲು ಬಂತಾ, ಬಡಿತ ಮೊದಲು ಬಂತಾ ಅನ್ನುವ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ನಿಮಿಷಕ್ಕೆ 190 ಬಡಿದರೆ ಯಾರಿಗೆ ಭಯ ಆಗಲ್ಲ? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಸ್‌ವಿಟಿ ಖಚಿತವಾಗಿದ್ದ 107 ಜನರಲ್ಲಿ 67% ಮಂದಿಯ ಲಕ್ಷಣಗಳು ಪ್ಯಾನಿಕ್ ಡಿಸಾರ್ಡರ್‌ನ ಮಾನದಂಡಕ್ಕೂ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ಕಾಯಿಲೆ ಸಿಕ್ಕಿರಲೇ ಇಲ್ಲ. ಅಂದರೆ ಲಕ್ಷಣಗಳ ಪಟ್ಟಿಗೆ ಟಿಕ್ ಹಾಕುತ್ತ ಹೋದರೆ ಬಾಗಿಲು ತಪ್ಪುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸಿತು ಅನ್ನುವುದೂ ತೀರ್ಪಲ್ಲ, ಪ್ಯಾನಿಕ್ ಕೂಡ ನಿದ್ದೆಯಿಂದ ಎಬ್ಬಿಸುತ್ತದೆ.

ಎದೆನೋವು ಇದ್ದರೆ ದಾರಿ ಬೇರೆ. ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಹೋಗುವ ನೋವು, 40 ದಾಟಿದ ಮೇಲೆ ಜೀವನದಲ್ಲೇ ಮೊದಲ ಸಲ ಬಂದ "ಪ್ಯಾನಿಕ್", ಸಕ್ಕರೆ ಕಾಯಿಲೆ, ಎಚ್ಚರ ತಪ್ಪಿದ್ದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡವರು, ಇವುಗಳಲ್ಲಿ ಒಂದು ಇದ್ದರೂ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ಹೇಳುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿ, ನಿಮ್ಮ ಲ್ಯಾಬಿನ ವಿಧಾನ ಹೇಳುವ ಅಂತರದಲ್ಲಿ ಮತ್ತೆ ಮಾಡಿ, ಇಸಿಜಿಯನ್ನೂ 15ರಿಂದ 30 ನಿಮಿಷಕ್ಕೆ ಮತ್ತೊಮ್ಮೆ ತೆಗೆಯಿರಿ. ಮೊದಲ ಪಟ್ಟಿ ನಾರ್ಮಲ್ ಇದ್ದದ್ದು ಹೃದಯಾಘಾತ ಅಲ್ಲ ಅನ್ನುವುದಕ್ಕೆ ಪುರಾವೆಯಲ್ಲ.

ಹೆಜ್ಜೆ 4: ಮಾತ್ರೆ ಕೊಡದೆ ಸಮಾಧಾನ ಮಾಡಿ, ಒಂದು ಗಂಟೆ ಎಣಿಸಿ

ನನ್ನ ಪ್ರಕಾರ ಇಡೀ ಪಾಠದ ಹೊಟ್ಟೆ ಇದೇ. ಅಪಾಯದ ಗುರುತು ಯಾವುದೂ ಇಲ್ಲ, ಲಯ ಸೈನಸ್ ಅಂತ ಗೊತ್ತಾದ ಮೇಲೆ, ಸದ್ದು ಕಡಿಮೆ ಇರುವ ಮೂಲೆಗೆ ಬೆಡ್ ತಳ್ಳಿ. ಪಕ್ಕದಲ್ಲಿ ಕೂತು ಮೂಗಿನಲ್ಲಿ ಎಳೆದು ಬಾಯಿಂದ ನಿಧಾನಕ್ಕೆ ಬಿಡುವಂತೆ ಜೊತೆಯಲ್ಲೇ ಉಸಿರಾಡಿ. ಬಂದ ಹೊತ್ತಿನ ನಾಡಿ, 15 ನಿಮಿಷ, 30 ನಿಮಿಷ, 60 ನಿಮಿಷ, ನಾಲ್ಕೂ ಬರೆಯಿರಿ. ಪಕ್ಕದಲ್ಲೇ ಎರಡು ಕಾಲಂ: ಉಸಿರಿನ ಎಣಿಕೆ, ಮತ್ತು ಹತ್ತಕ್ಕೆ ಎಷ್ಟು ಭಯ ಅಂತ ಅವರ ಬಾಯಲ್ಲೇ ಕೇಳಿದ ಅಂಕಿ.

ಪ್ಯಾನಿಕ್ ಅಟ್ಯಾಕ್ ಕೆಲವೇ ನಿಮಿಷಗಳಲ್ಲಿ ತುದಿಗೇರುತ್ತದೆ, ಆಮೇಲೆ ಇಳಿಜಾರು. ಭಯ, ಉಸಿರು, ನಾಡಿ ಮೂರೂ ಹೆಚ್ಚು ಕಡಿಮೆ ಜೊತೆಯಲ್ಲೇ ಇಳಿಯುತ್ತವೆ. ನಮ್ಮ ಹೆಂಗಸಿನ ಕಾಗದದಲ್ಲಿ ಹೀಗಿತ್ತು: ಬಂದಾಗ ಭಯ 10, ಉಸಿರು 28, ನಾಡಿ 132. ಹದಿನೈದು ನಿಮಿಷಕ್ಕೆ ಭಯ 6, ಉಸಿರು 22, ನಾಡಿ 122. ಅರ್ಧ ಗಂಟೆಗೆ ಭಯ 2, ಉಸಿರು 16, ಬೆರಳ ಜೋಮು ಪೂರ್ತಿ ಹೋಗಿದೆ, ನಾಡಿ 114. ಒಂದು ಗಂಟೆಗೆ ಭಯ 1, ಗಂಡನ ಜೊತೆ ಮಗುವಿನ ಹಾಲಿನ ಬಗ್ಗೆ ಮಾತಾಡ್ತಿದ್ದಾರೆ, ನಾಡಿ 112.

ಇಲ್ಲಿ ನಿಲ್ಲಿ. ಭಯ ಇಳಿದಿದೆ, ಉಸಿರು ಇಳಿದಿದೆ, ನಾಡಿ ಮಾತ್ರ ಅರ್ಧ ದಾರಿಯಲ್ಲಿ ಕೂತಿದೆ. ಹಿಂದಿನ ಎರಡು ಸಲವೂ ಇವರನ್ನು ಭಯ ಇಳಿದ ಕೂಡಲೇ ಕಳಿಸಿದ್ದರು, ಕಳಿಸುವಾಗಿನ ನಾಡಿ ಎಷ್ಟಿತ್ತು ಅಂತ ಚೀಟಿಯಲ್ಲಿ ಇಲ್ಲ.

ಈ ಒಂದು ಗಂಟೆಯಲ್ಲಿ ನಿದ್ದೆ ಬರಿಸುವ ಬೆಂಜೊ ಗುಂಪಿನ ಮಾತ್ರೆ ಕೊಟ್ಟರೆ ಎರಡು ತೊಂದರೆ. ಹೋಲಿಕೆ ಕೆಡುತ್ತದೆ. ಜೊತೆಗೆ "ಲೊರಾಜೆಪಾಮ್‌ಗೆ ಸರಿಹೋಯಿತು, ಹಾಗಾಗಿ ಪ್ಯಾನಿಕ್" ಅನ್ನುವ ಸುಳ್ಳು ಲೆಕ್ಕ ಹುಟ್ಟುತ್ತದೆ. ಎದೆನೋವಿನವರಿಗೂ ಆ ಮಾತ್ರೆ ಕೊಟ್ಟರೆ ಸಮಾಧಾನ ಆಗುತ್ತದೆ, ಅಲ್ವಾ? ತಾಳಲಾರದ ಸಂಕಟ ಇದ್ದರೆ ಕೊಡಿ, ಬೇಡ ಅನ್ನುವುದಿಲ್ಲ. ಅದನ್ನು ಪರೀಕ್ಷೆಯ ಉತ್ತರ ಅಂತ ಓದಬೇಡಿ, ಅಷ್ಟೇ.

ನಾಡಿ ಇಳಿಯದಿದ್ದರೆ ಕಾರಣ ಥೈರಾಯ್ಡೇ ಆಗಬೇಕಿಲ್ಲ. ರಕ್ತಹೀನತೆ, ಸೋಂಕು, ನೀರು ಕಡಿಮೆಯಾಗಿರುವುದು, ಹೆಜ್ಜೆ 1ರಲ್ಲಿ ಹೇಳಿದ ರಕ್ತದ ಗಡ್ಡೆ, ಆಸ್ತಮಾದ ಇನ್‌ಹೇಲರು, ನೆಗಡಿಯ ಮಾತ್ರೆ, ಮದ್ಯ ಬಿಟ್ಟ ಎರಡನೇ ಮೂರನೇ ದಿನ, ಗರ್ಭ, ಎಲ್ಲವನ್ನೂ ಒಮ್ಮೆ ಮನಸ್ಸಲ್ಲಿ ದಾಟಿಸಿ. ತೂಕ ಇಳಿಸಲು ಯಾರೋ ಹೇಳಿದರೆಂದು ಥೈರಾಕ್ಸಿನ್ ಮಾತ್ರೆ ನುಂಗುವವರೂ ಇದ್ದಾರೆ. "ಏನಾದ್ರೂ ಔಷಧಿ ತಗೊಳ್ತೀರಾ?" ಅಂದರೆ ಇಲ್ಲ ಅಂತಾರೆ. "ತೂಕ ಇಳಿಯೋಕೆ, ಕೂದಲಿಗೆ ಏನಾದ್ರೂ?" ಅಂತ ಬಿಡಿಸಿ ಕೇಳಿದರೆ ಹೊರಬರುತ್ತದೆ.

ಹೆಜ್ಜೆ 5: ಕೈ ಕುಲುಕಿ

ರಕ್ತದ ರಿಪೋರ್ಟಿಗೆ ಮುಂಚೆ ನಿಮ್ಮ ಕೈ ಉತ್ತರ ಕೊಡಬಹುದು. ಗಾಬರಿಯಾದವರ ಅಂಗೈ ಸಾಮಾನ್ಯವಾಗಿ ತಣ್ಣಗೆ, ಬೆವರಿರುತ್ತದೆ. ಥೈರಾಯ್ಡ್ ಜಾಸ್ತಿ ಆದವರ ಅಂಗೈಯಲ್ಲೂ ಬೆವರಿರುತ್ತದೆ, ಆದರೆ ಬೆಚ್ಚಗೆ. ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡಿ, ಸಣ್ಣ ನಡುಕ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದೇಳಲು ಹೇಳಿ, ತೊಡೆಯ ಬಲ ಕುಂದಿದ್ದರೆ ಕಷ್ಟಪಡುತ್ತಾರೆ. ನೀರು ಕುಡಿಸಿ ಕತ್ತಿನ ಮುಂಭಾಗ ನೋಡಿ. ಬೆರಳನ್ನು ಮೇಲಿಂದ ಕೆಳಗೆ ತಂದಾಗ ಕಣ್ಣುರೆಪ್ಪೆ ಹಿಂದೆ ಬೀಳುತ್ತದೆಯಾ ಗಮನಿಸಿ.

ಬಿಪಿಯಲ್ಲೂ ಒಂದು ಸುಳಿವಿದೆ. 148/62, ಎರಡರ ನಡುವಿನ ಅಂತರ 86. ಎಲ್ಲರೂ ಮೇಲಿನ ಅಂಕಿ ನೋಡಿ "ಗಾಬರಿಗೆ ಏರಿದೆ" ಅಂದುಕೊಂಡರು. ಕೆಳಗಿನ ಅಂಕಿ ಇಷ್ಟು ತಗ್ಗಿದ್ದನ್ನು ಯಾರೂ ಕೇಳಲಿಲ್ಲ. ಥೈರಾಯ್ಡ್ ಹಾರ್ಮೋನು ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಅದಕ್ಕೇ ಮೇಲಿನದು ಏರಿ ಕೆಳಗಿನದು ಇಳಿಯುತ್ತದೆ.

ಈ ಹೆಂಗಸಿನ ಅಂಗೈ ಬೆಚ್ಚಗಿತ್ತು, ಹಾಳೆ ನಡುಗಿತು. ತೂಕದ ಬಗ್ಗೆ ಕೇಳಿದಾಗ ಐದು ಕೆಜಿ ಇಳಿದಿದ್ದೇನೆ, ಹಾಲುಣಿಸುವುದರಿಂದ ಇರಬೇಕು ಅಂದರು. ಹಸಿವು ಜಾಸ್ತಿಯೇ ಇದೆಯಂತೆ. ಬಾಣಂತಿಯ ಬೆವರು, ನಿದ್ದೆಗೇಡು, ಕೂದಲು ಉದುರುವುದು, ಎಲ್ಲಕ್ಕೂ ಮನೆಯಲ್ಲೇ ಒಂದೊಂದು ವಿವರಣೆ ಸಿದ್ಧವಿತ್ತು.

ರಾತ್ರಿ ಎರಡಕ್ಕೆ ಅವರಿಗೆ ನಿದ್ದೆ ಹತ್ತಿತು. ನರ್ಸ್‌ಗೆ ಎಬ್ಬಿಸದೆ ನಾಡಿ ಎಣಿಸಲು ಹೇಳಿದೆವು: 102. ನಿದ್ದೆಯ ನಾಡಿ ಎಣಿಸುವುದು ಬಹಳ ಹಳೆಯ ಕ್ರಮ, ಖರ್ಚಿಲ್ಲ, ಆದರೂ ಯಾಕೋ ಯಾರೂ ಮಾಡುವುದಿಲ್ಲ. ಬರೀ ಗಾಬರಿಯ ನಾಡಿ ಗಾಢ ನಿದ್ದೆಯಲ್ಲಿ ಇಷ್ಟು ಎತ್ತರದಲ್ಲಿ ಉಳಿಯುವುದಿಲ್ಲ.

ಹೆಜ್ಜೆ 6: ರಕ್ತ ಪರೀಕ್ಷೆ, ಅದರ ಬಲೆಗಳು

ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಕಳಿಸಿ, ಸಾಧ್ಯವಾದರೆ ಟಿ3 ಕೂಡ. ಟಿ4, ಟಿ3 ಥೈರಾಯ್ಡ್‌ನ ಹಾರ್ಮೋನುಗಳು. ಟಿಎಸ್‌ಎಚ್ ಥೈರಾಯ್ಡ್‌ಗೆ ಮೇಲಿನಿಂದ ಬರುವ ಆಜ್ಞೆ, ಅವು ಜಾಸ್ತಿಯಾದರೆ ಇದು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಟಿಎಸ್‌ಎಚ್ ಅಳೆಯಲಾಗದಷ್ಟು ಕೆಳಗಿದ್ದು ಟಿ4 ಏರಿದ್ದರೆ ವಿಷಯ ಸ್ಪಷ್ಟ. ಟಿಎಸ್‌ಎಚ್ ಸ್ವಲ್ಪ ಮಾತ್ರ ಕಡಿಮೆ ಇದ್ದು ಉಳಿದವು ನಾರ್ಮಲ್ ಇದ್ದರೆ ಅವಸರ ಬೇಡ, ಬೇರೆ ಯಾವುದೇ ತೀವ್ರ ಕಾಯಿಲೆಯಲ್ಲೂ ಹಾಗಾಗುತ್ತದೆ. ಇನ್ನೊಂದು ಬಲೆ ಬಯೋಟಿನ್. ಕೂದಲು, ಉಗುರಿಗೆ ಅಂತ ನುಂಗುವ ದೊಡ್ಡ ಡೋಸಿನ ಬಯೋಟಿನ್ ಕೆಲವು ಮಶೀನುಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ ಟಿ4 ಅನ್ನು ಸುಳ್ಳಾಗಿ ಏರಿಸುತ್ತದೆ. ಕಾಯಿಲೆಯೇ ಇಲ್ಲದವರು ಥೈರಾಯ್ಡ್ ರೋಗಿಯಾಗಿ ಕಾಣುತ್ತಾರೆ. ಎರಡು ಮೂರು ದಿನ ನಿಲ್ಲಿಸಿ ಮತ್ತೆ ಮಾಡಿಸಬೇಕು.

ಜ್ವರ, ಗೊಂದಲ, ವಾಂತಿ ಭೇದಿ, ಜೊತೆಗೆ 140 ದಾಟಿದ ನಾಡಿ ಇದ್ದರೆ ರಿಪೋರ್ಟ್‌ಗೆ ಕಾಯಬೇಡಿ. ಅದು ಥೈರಾಯ್ಡ್ ಸ್ಟಾರ್ಮ್ ಇರಬಹುದು, ಕೂಡಲೇ ಸೀನಿಯರ್ ಮತ್ತು ಐಸಿಯು.

ಇವರ ಟಿಎಸ್‌ಎಚ್ 0.01ಕ್ಕಿಂತ ಕಡಿಮೆ ಬಂತು, ಫ್ರೀ ಟಿ4 ಮೇಲಿನ ಮಿತಿಯ ಎರಡರಷ್ಟು. ಬಯೋಟಿನ್ ತೆಗೆದುಕೊಳ್ಳುತ್ತಿರಲಿಲ್ಲ. ಆಸ್ತಮಾ ಇಲ್ಲ ಅಂತ ಕೇಳಿ ಖಚಿತ ಮಾಡಿಕೊಂಡ ಮೇಲೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಶುರು ಮಾಡಿದರು, ಹಾಲುಣಿಸುವವರಿಗೂ ಅದನ್ನು ಕೊಡಬಹುದು. ಥೈರಾಯ್ಡ್ ಕಡಿಮೆ ಮಾಡುವ ಮಾತ್ರೆಯನ್ನು ಮಾತ್ರ ಅವತ್ತೇ ಕೊಡಲಿಲ್ಲ. ಹೆರಿಗೆಯ ನಂತರ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬಂದು ಕೂಡಿಟ್ಟ ಹಾರ್ಮೋನು ಸೋರುವ ಕಾಯಿಲೆಯೊಂದಿದೆ. ಅಲ್ಲಿ ಹೊಸದಾಗಿ ತಯಾರಾಗುವುದು ಹೆಚ್ಚಿಲ್ಲ, ಹಾಗಾಗಿ ತಯಾರಿಕೆ ತಡೆಯುವ ಮಾತ್ರೆಗೆ ಕೆಲಸವೇ ಇಲ್ಲ. ಗ್ರಂಥಿಯೇ ಹಾರ್ಮೋನನ್ನು ಜಾಸ್ತಿ ತಯಾರಿಸುವ ಗ್ರೇವ್ಸ್ ಕಾಯಿಲೆಯಾದರೆ ಬೇಕು. ಎರಡನ್ನೂ ಬೇರೆ ಮಾಡಲು ಟಿಎಸ್‌ಎಚ್ ರಿಸೆಪ್ಟರ್ ಪ್ರತಿಕಾಯದ ಪರೀಕ್ಷೆ ಕಳಿಸಿದರು. ಕೆಲವು ದಿನದ ನಂತರ ನೆಗೆಟಿವ್ ಬಂತು, ಅಂದರೆ ಗ್ರೇವ್ಸ್ ಅಲ್ಲ, ಸೋರುವ ಕಾಯಿಲೆಯ ಕಡೆಗೇ ಬೆರಳು.

ಹೆಜ್ಜೆ 7: ಚೀಟಿಯಲ್ಲಿ ಏನು ಬರೆಯಬೇಕು

ಎಮರ್ಜೆನ್ಸಿಯ ಚೀಟಿಯಲ್ಲಿ "ಪ್ಯಾನಿಕ್ ಡಿಸಾರ್ಡರ್" ಅಂತ ಬರೆಯಬೇಡಿ. ಅಟ್ಯಾಕ್ ಬೇರೆ, ಡಿಸಾರ್ಡರ್ ಬೇರೆ. ಡಿಸಾರ್ಡರ್ ಅನ್ನಲು ಕಾರಣವಿಲ್ಲದೆ ಬರುವ ಅಟ್ಯಾಕ್‌ಗಳು ಮರುಕಳಿಸಬೇಕು, ಕನಿಷ್ಠ ಒಂದು ತಿಂಗಳು ಮತ್ತೆ ಬಂದೀತೆಂಬ ಚಿಂತೆಯೋ, ಅದಕ್ಕಾಗಿ ನಡವಳಿಕೆಯನ್ನೇ ಬದಲಿಸಿಕೊಳ್ಳುವುದೋ ಇರಬೇಕು, ಥೈರಾಯ್ಡ್ ಥರದ ಕಾಯಿಲೆಯಿಂದ ಬಂದದ್ದಲ್ಲ ಅಂತ ಗೊತ್ತಿರಬೇಕು. ಒಂದು ರಾತ್ರಿಯಲ್ಲಿ ಇಷ್ಟನ್ನು ಹೇಳಲಾಗದು. "ಎದೆ ಡವಡವ, ಸೈನಸ್ ಲಯ, ಕಳಿಸುವಾಗ ನಾಡಿ ಇಷ್ಟು, ಟಿಎಸ್‌ಎಚ್ ಬರಬೇಕಿದೆ" ಅಂತ ಬರೆಯಿರಿ. ಮುಂದಿನ ಡಾಕ್ಟರು ಹಣೆಪಟ್ಟಿಯನ್ನಲ್ಲ, ಅಂಕಿಯನ್ನು ಓದಲಿ.

ಎಲ್ಲ ಸರಿಯಿದ್ದು, ಮೂರೂ ಕಾಲಂ ಜೊತೆಯಲ್ಲೇ ಇಳಿದಿದ್ದರೆ, ರೋಗಿಗೆ "ಏನೂ ಇಲ್ಲ" ಅನ್ನಬೇಡಿ. ಅವರಿಗೆ ಆದದ್ದು ನಿಜ. "ಇದು ಪ್ಯಾನಿಕ್ ಅಟ್ಯಾಕ್ ಥರ ಕಾಣ್ತಿದೆ, ಇದಕ್ಕೆ ಚಿಕಿತ್ಸೆ ಇದೆ" ಅಂತ ಹೇಳಿ ಮನೋವೈದ್ಯರ ದಾರಿ ತೋರಿಸಿ. ಟಕ್ ಅಂತ ಶುರುವಾಗಿ ಟಕ್ ಅಂತ ನಿಲ್ಲುವ ಕಥೆ ಹೇಳಿದವರಿಗೆ ಮಾತ್ರ 24 ಗಂಟೆಯ ಹೋಲ್ಟರ್ ಕಟ್ಟಿಸಿ ನಾರ್ಮಲ್ ಅಂತ ಮುಗಿಸಬೇಡಿ. ತಿಂಗಳಿಗೊಮ್ಮೆ ಬರುವುದು ಆ 24 ಗಂಟೆಯಲ್ಲಿ ಬರುವ ಸಾಧ್ಯತೆ ಎಷ್ಟು, ನೀವೇ ಹೇಳಿ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಹೊತ್ತು ದಾಖಲಿಸುವ ಸಾಧನ ಬೇಕು. ಅದು ಸಿಗುವ ತನಕ, ಬಡಿತ ಶುರುವಾದ ಕೂಡಲೇ ಹತ್ತಿರದ ಯಾವುದೇ ಕ್ಲಿನಿಕ್ಕಿನಲ್ಲಿ ಒಂದು ಪಟ್ಟಿ ತೆಗೆಸಿಕೊಳ್ಳಲು ಹೇಳಿ.

ನಮ್ಮ ಹೆಂಗಸಿನ ಕಥೆ ಇನ್ನೂ ಸ್ವಲ್ಪ ಇದೆ. ಆರು ವಾರಕ್ಕೆ ನಾಡಿ 78ಕ್ಕೆ ಇಳಿಯಿತು, ಡವಡವ ಇಲ್ಲ, ಪ್ರೊಪ್ರನೊಲಾಲ್ ನಿಲ್ಲಿಸಿದರು. ಮತ್ತೆ ಎರಡು ತಿಂಗಳಿಗೆ ಅವರು ಬೇರೊಂದು ಓಪಿಡಿಗೆ ಹೋದರು: ಸುಸ್ತು, ಅಳು, ಮಗುವನ್ನು ಎತ್ತಿಕೊಳ್ಳಲೂ ಬೇಜಾರು, ನಾಡಿ 58. ಅಲ್ಲಿನ ಚೀಟಿಯಲ್ಲಿ ಬಾಣಂತಿ ಖಿನ್ನತೆ ಅಂತ ಬರೆದಿತ್ತು. ಈ ಕಾಯಿಲೆಯಲ್ಲಿ ಸೋರಿ ಖಾಲಿಯಾದ ಗ್ರಂಥಿ ಕೆಲವು ತಿಂಗಳು ಕೆಳಗೆ ಬೀಳುತ್ತದೆ ಅಂತ ಆಕೆಗೆ ಮೊದಲೇ ಹೇಳಿ ಕಳಿಸಿದ್ದರಿಂದ, ಆಕೆಯೇ "ಥೈರಾಯ್ಡ್ ಒಮ್ಮೆ ನೋಡ್ತೀರಾ?" ಅಂತ ಕೇಳಿದರು. ಟಿಎಸ್‌ಎಚ್ 24.